ಉಪನ್ಯಾಸಮಾಲೆಯ ಧ್ವನಿಮುದ್ರಣ: ಫೋಲ್ಡರ್, ಫೈಲಿನ ಹೆಸರು ಮತ್ತು ಡಿಸ್ಕ್ ಜಾಗದ ಆಯ್ಕೆಗಳ ಹೋಲಿಕೆ

ವಾರಕ್ಕೊಮ್ಮೆ ನಡೆಯುವ ಉಪನ್ಯಾಸಗಳನ್ನು ವರ್ಷವಿಡೀ ಧ್ವನಿಮುದ್ರಿಸಲು ಹೊರಟವರು ಮೊದಲು ವಿಚಾರಿಸುವುದು ರೆಕಾರ್ಡರ್ ಮತ್ತು ಮೈಕುಗಳ ಬಗ್ಗೆ. ಫೈಲುಗಳಿಗೆ ಏನೆಂದು ಹೆಸರಿಡಬೇಕು, ಎಲ್ಲಿ ಇಡಬೇಕು, ಎಷ್ಟು ಜಾಗ ಬೇಕಾಗುತ್ತದೆ ಎಂಬ ಪ್ರಶ್ನೆಗಳು ಏಳುವುದು ಹಲವು ವಾರಗಳ ಮುದ್ರಣ ಸೇರಿದ ಮೇಲೆ. ಅಷ್ಟು ಹೊತ್ತಿಗೆ ಕೇಳುಗರು ತಮ್ಮ ಟಿಪ್ಪಣಿಗಳಲ್ಲಿ ಹಳೆಯ ಹೆಸರುಗಳನ್ನು ಬರೆದುಕೊಂಡಿರುತ್ತಾರೆ, ಯಾರೋ ಕೆಲವು ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿರುತ್ತಾರೆ. ಆಮೇಲೆ ಹೆಸರು ಬದಲಿಸಿದರೆ ಟಿಪ್ಪಣಿಗೂ ಫೈಲಿಗೂ ಇದ್ದ ಸಂಬಂಧ ಕಡಿದುಹೋಗುತ್ತದೆ. ಆದ್ದರಿಂದ ಈ ಮೂರೂ ನಿರ್ಧಾರಗಳನ್ನು ಮೊದಲ ಪಾಠಕ್ಕೆ ಮುಂಚೆಯೇ ಮಾಡುವುದು ಒಳ್ಳೆಯದು.

ಹೋಲಿಕೆಗೆ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಮೈಸೂರಿನ ಸರಸ್ವತಿಪುರದ ಒಂದು ಸಣ್ಣ ಸಭಾಂಗಣದಲ್ಲಿ ಶನಿವಾರ ಹಳಗನ್ನಡ ಕಾವ್ಯದ ಪಾಠ, ಭಾನುವಾರ ಶಾಸನಗಳ ಪಾಠ ನಡೆಯುತ್ತವೆ ಎಂದುಕೊಳ್ಳೋಣ. ಎರಡೂ ಸುಮಾರು ಎರಡೆರಡು ಗಂಟೆ. ದಸರೆ, ರಾಜ್ಯೋತ್ಸವ ಮುಂತಾದ ರಜೆಗಳನ್ನು ಕಳೆದು ವರ್ಷಕ್ಕೆ 48 ವಾರ ಎಂದು ಹಿಡಿದರೆ 192 ಗಂಟೆಗಳಾಗುತ್ತವೆ. ಪ್ರಶ್ನೋತ್ತರಗಳು ಬೆಳೆಯುವುದನ್ನೂ ಸೇರಿಸಿ 200 ಗಂಟೆ ಎನ್ನೋಣ. ಉಪನ್ಯಾಸಕರ ಅಂಗಿಗೆ ಸಿಕ್ಕಿಸಿದ ಮೈಕಿನ ಧ್ವನಿ ಎಡ ಚಾನೆಲ್ಲಿಗೂ, ಕೇಳುಗರ ಕಡೆಗೆ ತಿರುಗಿಸಿಟ್ಟ ಮೈಕಿನ ಧ್ವನಿ ಬಲ ಚಾನೆಲ್ಲಿಗೂ ಹೋಗುತ್ತದೆ.

ಫೋಲ್ಡರುಗಳನ್ನು ಯಾವುದರ ಮೇಲೆ ವಿಂಗಡಿಸಬೇಕು

ಸಾಮಾನ್ಯವಾಗಿ ಕಾಣುವ ವಿಂಗಡಣೆಗಳು ಮೂರು. ಮೊದಲನೆಯದು ವರ್ಷ, ತಿಂಗಳು, ದಿನ ಎಂದು ಒಂದರೊಳಗೊಂದು ಫೋಲ್ಡರ್ ಮಾಡುವುದು. ದಿನಕ್ಕೆ ಹತ್ತಾರು ಫೈಲು ಬರುವ ಕಡೆ ಇದು ಸರಿ; ನಮ್ಮ ಉದಾಹರಣೆಯಲ್ಲಿ ಒಂದು ದಿನಕ್ಕೆ ಒಂದೋ ಎರಡೋ ಫೈಲು ಮಾತ್ರ ಇರುವುದರಿಂದ, ಪಾಠಮಾಲೆಯನ್ನು ಸಾಲಾಗಿ ಕೇಳಬೇಕೆನ್ನುವವರು ಪ್ರತಿ ಫೈಲಿಗೂ ಒಂದು ಫೋಲ್ಡರಿನಿಂದ ಹೊರಬಂದು ಇನ್ನೊಂದಕ್ಕೆ ಹೋಗಬೇಕಾಗುತ್ತದೆ. ಎರಡನೆಯದು ಉಪನ್ಯಾಸಕರ ಹೆಸರಿನ ಫೋಲ್ಡರ್. ಒಂದು ವಾರ ಅವರ ಬದಲು ಅತಿಥಿಯೊಬ್ಬರು ಪಾಠ ಮಾಡಿದರೆ, ಅಥವಾ ಇಬ್ಬರು ಕೂಡಿ ಮಾತನಾಡಿದರೆ, ಆ ಫೈಲು ಎಲ್ಲಿರಬೇಕೆಂಬುದು ಆಗಲೇ ತಕರಾರಾಗುತ್ತದೆ. ಒಂದೇ ಫೈಲನ್ನು ಎರಡು ಕಡೆ ಇಡುವ ಅಭ್ಯಾಸ ಶುರುವಾಗುವುದೇ ಇಲ್ಲಿಂದ.

ಮೂರನೆಯದು ಫೈಲು ಯಾವ ಹಂತದಲ್ಲಿದೆ ಎಂಬುದರ ಮೇಲೆ ಮಾಡುವ ವಿಂಗಡಣೆ. ರೆಕಾರ್ಡರಿನಿಂದ ಬಂದ ಮೂಲ, ತಿದ್ದುವ ಕೆಲಸ ನಡೆಯುತ್ತಿರುವುದು, ಹಂಚಲು ಸಿದ್ಧವಾದದ್ದು ಎಂಬ ಮೂರು ಫೋಲ್ಡರುಗಳು ಮೇಲಿರುತ್ತವೆ. ಮೊದಲನೆಯದರೊಳಗೂ ಕೊನೆಯದರೊಳಗೂ ಪಾಠಮಾಲೆಗೊಂದರಂತೆ ಫೋಲ್ಡರ್, ಅಷ್ಟೇ: ಹಳಗನ್ನಡ ಪಾಠಕ್ಕೆ `hgp`, ಶಾಸನಗಳ ಪಾಠಕ್ಕೆ `shp`.

```
mula/hgp/      mula/shp/
kelasa/
hanchike/hgp/  hanchike/shp/
patti.ods
```

ನನ್ನ ಆಯ್ಕೆ ಇದು. ಮೂರೂ ಹಂತಗಳ ಫೈಲುಗಳನ್ನು ಕಾಪಾಡುವ ಕ್ರಮ ಬೇರೆ ಬೇರೆಯಾಗಿರುವುದೇ ಇದಕ್ಕೆ ಕಾರಣ. `mula` ಫೋಲ್ಡರಿನೊಳಗೆ ಹೋದ ಫೈಲನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ, ಅದಕ್ಕೆ ಒಂದಕ್ಕಿಂತ ಹೆಚ್ಚು ಪ್ರತಿಗಳು ಇರಲೇಬೇಕು. `kelasa` ಫೋಲ್ಡರಿನಲ್ಲಿ ಇರುವುದು ಅಳಿದುಹೋದರೂ ಮೂಲದಿಂದ ಮತ್ತೆ ಮಾಡಿಕೊಳ್ಳಬಹುದು. ಅದರ ಪ್ರತಿ ತೆಗೆಯುವುದು ಜಾಗದ ದಂಡ. `hanchike` ಫೋಲ್ಡರ್ ತೀರ ಚಿಕ್ಕದು, ಎಲ್ಲಿ ಬೇಕಾದರೂ ಇಡಬಹುದು. ಹಂತದ ಮೇಲೆ ವಿಂಗಡಿಸಿದ್ದರೆ, ಪ್ರತಿ ತೆಗೆಯುವವರು ಯಾವುದನ್ನು ತೆಗೆಯಬೇಕೆಂದು ಫೈಲು ಫೈಲನ್ನೂ ನೋಡಿ ತೀರ್ಮಾನಿಸುವ ಅಗತ್ಯವೇ ಬೀಳುವುದಿಲ್ಲ. ಒಂದು ಪಾಠಮಾಲೆಗೆ ವರ್ಷಕ್ಕೆ ನೂರರೊಳಗೇ ಫೈಲುಗಳು ಬರುವುದರಿಂದ, ಅದರೊಳಗೆ ಮತ್ತೆ ತಿಂಗಳ ಫೋಲ್ಡರ್ ಮಾಡುವುದರಿಂದ ಏನೂ ಲಾಭವಿಲ್ಲ.

ಫೈಲಿನ ಹೆಸರು

ಫೋಲ್ಡರನ್ನು ನಂಬಿ ಹೆಸರಿಡಬಾರದು ಎಂಬುದನ್ನು ಇಲ್ಲಿ ಮೊದಲ ನಿಯಮವಾಗಿ ಹಿಡಿಯಬೇಕು. `hgp` ಫೋಲ್ಡರಿನೊಳಗೆ `12.wav` ಎಂಬ ಫೈಲು ಸ್ಪಷ್ಟವಾಗಿಯೇ ಕಾಣುತ್ತದೆ. ಯಾರಾದರೂ ಅದೊಂದನ್ನೇ ಮೊಬೈಲಿಗೆ ಕಳಿಸಿಕೊಂಡ ಕೂಡಲೇ ಅದು ಯಾವ ಪಾಠಮಾಲೆಯ ಹನ್ನೆರಡನೆಯ ಪಾಠ ಎಂಬುದು ಗೊತ್ತಾಗುವುದಿಲ್ಲ. ಹಾಗಾಗಿ ಪಾಠಮಾಲೆಯ ಸಂಕೇತ, ಪಾಠದ ಸಂಖ್ಯೆ, ದಿನಾಂಕ ಮತ್ತು ಭಾಗ ಈ ನಾಲ್ಕೂ ಹೆಸರಿನಲ್ಲೇ ಇರಬೇಕು. ಪ್ರಶ್ನೆ ಇರುವುದು ಇವುಗಳಲ್ಲಿ ಯಾವುದು ಮೊದಲು ಬರಬೇಕು ಎಂಬುದರಲ್ಲಿ.

```
2025-09-20_hgp-012_p1.wav
hgp-012_2025-09-20_p1.wav
```

ದಿನಾಂಕ ಮೊದಲಿದ್ದರೆ ಎರಡೂ ಪಾಠಮಾಲೆಗಳ ಫೈಲುಗಳು ಕಾಲಕ್ರಮದಲ್ಲಿ ಬೆರೆತು ನಿಲ್ಲುತ್ತವೆ. ಒಂದು ಸಂಸ್ಥೆಯಲ್ಲಿ ನಡೆಯುವ ಬಿಡಿ ಬಿಡಿ ಭಾಷಣಗಳನ್ನೆಲ್ಲ ಮುದ್ರಿಸುವವರಿಗೆ ಇದೇ ಸರಿಯಾದ ಕ್ರಮ, ಏಕೆಂದರೆ ಅಲ್ಲಿ ಹುಡುಕುವವರಿಗೆ ನೆನಪಿರುವುದು ದಿನವೇ. ಪಾಠಮಾಲೆಗಾದರೆ ಸಂಖ್ಯೆ ಮೊದಲಿರುವುದು ಮೇಲು. ದಸರೆಯ ಶನಿವಾರ ಪಾಠವಿಲ್ಲದೆ 20 ಸೆಪ್ಟೆಂಬರ್ ಆದ ಮೇಲೆ ಮುಂದಿನ ಪಾಠ 4 ಅಕ್ಟೋಬರ್‌ಗೆ ಬಂದಾಗ, ದಿನಾಂಕವನ್ನಷ್ಟೇ ನೋಡಿದವರು ನಡುವೆ ಒಂದು ಫೈಲು ಕಳೆದುಹೋಗಿದೆಯೇ ಎಂದು ಹುಡುಕತೊಡಗುತ್ತಾರೆ. `hgp-012` ಆದ ಮೇಲೆ `hgp-013` ಇದ್ದರೆ ಆ ಅನುಮಾನಕ್ಕೆ ಎಡೆಯಿಲ್ಲ. ಇದೇ ಕಾರಣಕ್ಕೆ, ಪಾಠ ನಡೆದರೂ ಬ್ಯಾಟರಿ ಮುಗಿದು ಮುದ್ರಣ ಆಗಲಿಲ್ಲವೆಂದರೆ ಆ ಸಂಖ್ಯೆಯನ್ನು ಮುಂದಿನ ವಾರಕ್ಕೆ ಕೊಡಬಾರದು. `hgp-019_2025-11-22_illa.txt` ಎಂದು ಒಂದು ಸಾಲಿನ ಪಠ್ಯದ ಫೈಲನ್ನು ಅದೇ ಜಾಗದಲ್ಲಿ ಇಟ್ಟರೆ, ಹತ್ತು ವರ್ಷ ಕಳೆದು ನೋಡುವವರಿಗೂ ವಿಷಯ ತಿಳಿಯುತ್ತದೆ.

ಸಂಖ್ಯೆಯನ್ನು ಮೂರು ಅಂಕಿಗಳಲ್ಲಿ ಬರೆಯುವುದು, ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುವುದು, ಇವೆರಡೂ ಅಕ್ಷರ ಅಕ್ಷರವಾಗಿ ಜೋಡಿಸುವ ಯಂತ್ರಗಳಿಗಾಗಿ. ವಿಂಡೋಸಿನ ಫೈಲುಗಳ ಕಿಟಕಿ 10ನ್ನು 2 ಆದ ಮೇಲೆ ಸರಿಯಾಗಿ ಇಡುತ್ತದೆ, ಆದರೆ ಅನೇಕ ಪ್ಲೇಯರುಗಳು, ಕಾರಿನ ಸ್ಟೀರಿಯೋಗಳು 10ನ್ನು 2ಕ್ಕಿಂತ ಮೊದಲು ಹಾಡುತ್ತವೆ. 20-09-2025 ಎಂದು ನಮ್ಮ ರೂಢಿಯಂತೆ ಬರೆದರೆ ಎಲ್ಲ ತಿಂಗಳುಗಳ 20ನೇ ತಾರೀಖುಗಳು ಒಟ್ಟಿಗೆ ಗುಂಪಾಗುತ್ತವೆ.

ಉಪನ್ಯಾಸಕರ ಹೆಸರನ್ನಾಗಲಿ ವಿಷಯವನ್ನಾಗಲಿ ಹೆಸರಿನ ಮೊದಲಿಗೆ ತರುವ ಮಾದರಿಯನ್ನು ನಾನು ಒಪ್ಪುವುದಿಲ್ಲ. ಕನ್ನಡದ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆಯುತ್ತಾರೆ. ಒಂದು ವಾರ `Dixit`, ಇನ್ನೊಂದು ವಾರ `Dikshit` ಎಂದಾದರೆ ಒಬ್ಬರೇ ಉಪನ್ಯಾಸಕರು ಪಟ್ಟಿಯಲ್ಲಿ ಇಬ್ಬರಾಗುತ್ತಾರೆ. ಊರಿನ ಹೆಸರೂ ಅಷ್ಟೇ: 2014ರ ನವೆಂಬರ್ 1ರಂದು ಅಧಿಕೃತವಾಗಿ `Mysore` ಹೋಗಿ `Mysuru` ಬಂದಿತು, ಇಂದಿಗೂ ಎರಡೂ ಬಳಕೆಯಲ್ಲಿವೆ. ವಿಷಯವಂತೂ ಪಾಠ ಮುಗಿಯುವವರೆಗೆ ಏನೆಂದು ಗಟ್ಟಿಯಾಗಿರುವುದಿಲ್ಲ; ಒಂದು ಪದ್ಯವನ್ನು ವಿವರಿಸಲು ಹೊರಟು ಛಂದಸ್ಸಿನ ಮಾತಿನಲ್ಲೇ ಎರಡು ಗಂಟೆ ಕಳೆದ ಪಾಠಗಳು ಎಷ್ಟೋ ಇರುತ್ತವೆ. ಇವೆಲ್ಲವೂ ಪಟ್ಟಿಯಲ್ಲಿ ಇರಲಿ.

ಕನ್ನಡ ಲಿಪಿಯ ಹೆಸರೋ, ರೋಮನ್ ಲಿಪಿಯದೋ

ಕನ್ನಡ ಪಾಠದ ಫೈಲಿಗೆ ಕನ್ನಡದಲ್ಲೇ ಹೆಸರಿರಬೇಕೆಂಬ ಆಸೆ ಸಹಜವಾದದ್ದು, ನನಗೂ ಅದರ ಮೇಲೆ ಒಲವಿದೆ. ಇಂದಿನ ಕಂಪ್ಯೂಟರುಗಳೂ ಫೋನುಗಳೂ ಯೂನಿಕೋಡ್ ಹೆಸರುಗಳನ್ನು ಒಪ್ಪುತ್ತವೆ. ಆದರೂ ಮೂಲದ ಫೈಲುಗಳಿಗೆ ನಾನು ಸಣ್ಣ ರೋಮನ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ ಇಷ್ಟನ್ನೇ ಸೂಚಿಸುತ್ತೇನೆ.

ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಕನ್ನಡ ಹೆಸರುಗಳು ಕಂಪ್ಯೂಟರಿಗೆ ಬೇರೆ ಬೇರೆಯಾಗಿರಬಹುದು ಎಂಬುದೇ ಇದಕ್ಕೆ ಮುಖ್ಯ ಕಾರಣ. "ಕೋ" ಎಂಬಲ್ಲಿರುವ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳ ಸರಣಿಯಾಗಿಯೂ ಬರೆಯಬಹುದು. ಹಳೆಯ ಮ್ಯಾಕ್ ಡಿಸ್ಕುಗಳ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅದಲ್ಲದೆ, ಒತ್ತಕ್ಷರ ಕೂಡದಂತೆ ತಡೆಯಲು ಬರೆಯುವ ಅಗೋಚರವಾದ ಒಂದು ಸಂಕೇತವಿದೆ. ಒಬ್ಬರ ಕೀಲಿಮಣೆ ಅದನ್ನು ಸೇರಿಸುತ್ತದೆ, ಇನ್ನೊಬ್ಬರದು ಸೇರಿಸುವುದಿಲ್ಲ. ಪರಿಣಾಮವಾಗಿ ಪರದೆಯ ಮೇಲೆ ಎದುರಿಗೇ ಇರುವ ಫೈಲನ್ನು ಹುಡುಕಿದಾಗ ಸಿಗುವುದಿಲ್ಲ, ಅಥವಾ ಪ್ರತಿ ತೆಗೆಯುವ ತಂತ್ರಾಂಶವು ಒಂದೇ ಪಾಠವನ್ನು ಎರಡು ಎಂದು ತಿಳಿದು ಎರಡು ಸಲ ಇಡುತ್ತದೆ. ಒಂದೇ ಹೆಸರಿನ ಎರಡು ಫೈಲುಗಳು ಒಂದೇ ಫೋಲ್ಡರಿನಲ್ಲಿ ಕಂಡರೆ ಇದನ್ನೇ ಮೊದಲು ಶಂಕಿಸಬೇಕು. ಉದ್ದದ ಮಿತಿಯೂ ಒಂದಿದೆ: ಲಿನಕ್ಸಿನ ಡಿಸ್ಕುಗಳಲ್ಲಿ ಹೆಸರಿಗೆ ಸಾಮಾನ್ಯವಾಗಿ 255 ಬೈಟುಗಳಷ್ಟೇ ಜಾಗ, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು ಬೇಕು. ಅಂದರೆ ಸ್ವರಚಿಹ್ನೆ, ವಿರಾಮಗಳನ್ನೂ ಲೆಕ್ಕಕ್ಕೆ ಹಿಡಿದು 85 ಸಂಕೇತಗಳಿಗೆ ಹೆಸರು ಮುಗಿಯುತ್ತದೆ.

ಕನ್ನಡಕ್ಕೆ ನಿಜವಾದ ಸ್ಥಾನ `patti.ods` ಎಂಬ ಪಟ್ಟಿಯಲ್ಲಿ. ಪಾಠದ ಸಂಖ್ಯೆ, ದಿನಾಂಕ, ಉಪನ್ಯಾಸಕರ ಪೂರ್ಣ ಹೆಸರು, ವಿವರಿಸಿದ ಪದ್ಯಗಳು ಅಥವಾ ಶಾಸನಗಳು, ಅವಧಿ, ಜೊತೆಗೆ ರೆಕಾರ್ಡರ್ ತಾನೇ ಕೊಟ್ಟಿದ್ದ ಮೂಲ ಹೆಸರು, ಇಷ್ಟಕ್ಕೆ ಒಂದೊಂದು ಕಾಲಂ ಸಾಕು. ಈ ಪಟ್ಟಿಯನ್ನು ಯೂನಿಕೋಡಿನಲ್ಲೇ ಬೆರಳಚ್ಚು ಮಾಡಬೇಕು. ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತದೆ.

ರೆಕಾರ್ಡರಿನ ಹೆಸರನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕೆಂದರೂ ಅದನ್ನು ಪೂರ್ತಿ ನಂಬುವಂತಿಲ್ಲ. ಕಾರ್ಡನ್ನು ಫಾರ್ಮ್ಯಾಟ್ ಮಾಡಿದಾಗ ಕೆಲವು ರೆಕಾರ್ಡರುಗಳ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಬ್ಯಾಟರಿ ತೆಗೆದು ಬಹಳ ಹೊತ್ತು ಬಿಟ್ಟರೆ ಗಡಿಯಾರ ಕಾರ್ಖಾನೆಯ ದಿನಾಂಕಕ್ಕೆ ಮರಳಬಹುದು. ಇದಕ್ಕೆ ಸುಲಭವಾದ ರಕ್ಷಣೆಯೊಂದಿದೆ. ಮುದ್ರಣದ ಗುಂಡಿ ಒತ್ತಿದವರು ಮೈಕಿನ ಬಳಿ "ಹಳಗನ್ನಡ ಪಾಠ, ಹನ್ನೆರಡು, ಸೆಪ್ಟೆಂಬರ್ ಇಪ್ಪತ್ತು" ಎಂದು ಹೇಳಿಬಿಟ್ಟರೆ, ಹೆಸರು ಏನೇ ಆದರೂ ಗುರುತು ಧ್ವನಿಯೊಳಗೇ ಉಳಿಯುತ್ತದೆ.

ಡಿಸ್ಕ್ ಜಾಗದ ಲೆಕ್ಕ

ಸಂಕುಚಿಸದ ವೇವ್ ಫೈಲಿನ ಗಾತ್ರವನ್ನು ಊಹಿಸಬೇಕಾಗಿಲ್ಲ, ಗುಣಾಕಾರ ಮಾಡಿದರೆ ಸಾಕು. ಸೆಕೆಂಡಿಗೆ ಎಷ್ಟು ಮಾದರಿಗಳು, ಒಂದು ಮಾದರಿಗೆ ಎಷ್ಟು ಬೈಟು, ಎಷ್ಟು ಚಾನೆಲ್ಲು ಎಂಬ ಮೂರನ್ನು ಗುಣಿಸಿದರೆ ಸೆಕೆಂಡಿಗೆ ಬೇಕಾದ ಬೈಟುಗಳು ಸಿಗುತ್ತವೆ. 48 ಕಿಲೋಹರ್ಟ್ಸ್, 24 ಬಿಟ್, ಎರಡು ಚಾನೆಲ್ಲು ಎಂದರೆ:

```
48000 × 3 × 2 = 288000 ಬೈಟು / ಸೆಕೆಂಡ್
288000 × 3600 = 1.04 ಜಿಬಿ / ಗಂಟೆ
```

ನಮ್ಮ 200 ಗಂಟೆಗಳಿಗೆ ಇದು ಸುಮಾರು 207 ಜಿಬಿ. ಒಂದೇ ಚಾನೆಲ್ಲಾದರೆ ಇದರ ಅರ್ಧ, 104 ಜಿಬಿ. 16 ಬಿಟ್ಟಿಗೆ ಇಳಿಸಿದರೆ ಎರಡು ಚಾನೆಲ್ಲಿಗೆ 138 ಜಿಬಿ. ಅದೇ ಪಾಠಗಳು 64 ಕಿಲೋಬಿಟ್ಟಿನ ಒಂದೇ ಚಾನೆಲ್ಲಿನ ಎಂಪಿ3 ಆದರೆ ಗಂಟೆಗೆ 29 ಎಂಬಿಯಂತೆ ಒಟ್ಟು 6 ಜಿಬಿಯೊಳಗೆ ಮುಗಿಯುತ್ತವೆ.

ಈ ಅಂತರ ಕಂಡು ನೇರವಾಗಿ ಎಂಪಿ3ಯಲ್ಲೇ ಮುದ್ರಿಸಿಬಿಡೋಣ ಎನ್ನಿಸುವುದುಂಟು. ಒಂದು ಸಲ ಕೇಳಿ ಬಿಡುವ ಸಭೆಯ ನಡಾವಳಿಗೆ ಅದು ಸಾಕು. ಮುಂದೆ ಗದ್ದಲ ತೆಗೆಯಬೇಕಾದ, ಮತ್ತೆ ಮತ್ತೆ ರೂಪ ಬದಲಿಸಬೇಕಾದ ಪಾಠಕ್ಕೆ ಸಾಲದು, ಏಕೆಂದರೆ ಎಂಪಿ3ಯನ್ನು ತಿದ್ದಿ ಮತ್ತೆ ಎಂಪಿ3 ಮಾಡಿದಾಗಲೆಲ್ಲ ಧ್ವನಿ ಇನ್ನಷ್ಟು ಸವೆಯುತ್ತದೆ. 24 ಬಿಟ್ಟಿಗೂ ಕಾವ್ಯಪಾಠದಲ್ಲಿ ಒಂದು ಖಚಿತ ಉಪಯೋಗವಿದೆ. ಮೆಲುದನಿಯಲ್ಲಿ ಅರ್ಥ ಹೇಳುತ್ತಿದ್ದವರು ಗಮಕದ ರೀತಿಯಲ್ಲಿ ಪದ್ಯವನ್ನು ಹಾಡತೊಡಗಿದ ಕ್ಷಣಕ್ಕೆ ಧ್ವನಿ ಥಟ್ಟನೆ ಏರುತ್ತದೆ. 24 ಬಿಟ್ಟಿನಲ್ಲಿ ಮಟ್ಟವನ್ನು ಸಾಕಷ್ಟು ತಗ್ಗಿಸಿಟ್ಟುಕೊಂಡು ಮುದ್ರಿಸಿ, ಆಮೇಲೆ ಏರಿಸಿದರೂ ಯಂತ್ರದ ಮೊರೆತ ಮೇಲೇಳುವುದಿಲ್ಲ. ಮೇಲ್ಮಿತಿ ದಾಟಿ ಒಡೆದ ಧ್ವನಿಯನ್ನಾದರೆ ಪೂರ್ತಿ ಸರಿಪಡಿಸಲಾಗದು. ಒಂದು ಚಾನೆಲ್ಲೋ ಎರಡೋ ಎಂಬ ಪ್ರಶ್ನೆಗೆ ಮೈಕುಗಳೇ ಉತ್ತರ: ನಮ್ಮ ಉದಾಹರಣೆಯಂತೆ ಎರಡು ಮೈಕುಗಳು ಎರಡು ಕೆಲಸಕ್ಕಿದ್ದರೆ ಎರಡು ಚಾನೆಲ್ಲು ಬೇಕು, ಮೇಜಿನ ಮೇಲೆ ಒಂದೇ ಮೈಕಿದ್ದರೆ ಎರಡನೆಯದು ಅದೇ ಧ್ವನಿಯ ಇನ್ನೊಂದು ಪ್ರತಿ ಮಾತ್ರ.

ವೇವ್ ಮತ್ತು ಎಂಪಿ3 ನಡುವೆ ಫ್ಲ್ಯಾಕ್ ಇದೆ. ಇದು ಧ್ವನಿಯ ಒಂದು ಬಿಟ್ಟನ್ನೂ ಕಳೆಯದೆ ಗಾತ್ರವನ್ನು ಇಳಿಸುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಸಭಾಂಗಣದ ಮೇಲೆ ನಿಂತಿದೆ. ಫ್ಯಾನಿನ ಸದ್ದು ತುಂಬಿದ್ದರೆ ಕಡಿಮೆ ಇಳಿಯುತ್ತದೆ, ಮೌನಗಳು ನಿಜವಾಗಿ ಮೌನವಾಗಿದ್ದರೆ ಹೆಚ್ಚು. ಒಂದು ಪಾಠವನ್ನು ಪರಿವರ್ತಿಸಿ ನೋಡಿದರೆ ನಿಮ್ಮ ಜಾಗದ ಪ್ರಮಾಣ ಗೊತ್ತಾಗುತ್ತದೆ. ಜಾಗಕ್ಕಿಂತಲೂ ನಾನು ಬೆಲೆಕೊಡುವುದು ಅದರೊಳಗಿನ ತಪಾಸಣೆಗೆ: ಫ್ಲ್ಯಾಕ್ ಫೈಲು ತನ್ನ ಧ್ವನಿಯ ಮೊಹರನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ, ವರ್ಷಗಳ ನಂತರವೂ ಅದು ಕೆಟ್ಟಿದೆಯೇ ಇಲ್ಲವೇ ಎಂದು ಒಂದೇ ಆಜ್ಞೆಯಿಂದ ತಿಳಿಯಬಹುದು. ವೇವ್ ಫೈಲಿಗೆ ಆ ಸೌಲಭ್ಯವಿಲ್ಲ.

```
flac --verify hgp-012_2025-09-20_p1.wav
flac -t hgp-012_2025-09-20_p1.flac
```

ಮೊದಲ ಆಜ್ಞೆ ವೇವನ್ನು ಅಳಿಸದೆ ಪಕ್ಕದಲ್ಲೇ ಫ್ಲ್ಯಾಕ್ ಮಾಡುತ್ತದೆ, ಎರಡನೆಯದು ಅದನ್ನು ಪರೀಕ್ಷಿಸುತ್ತದೆ. ಪರೀಕ್ಷೆಯಲ್ಲಿ `ok` ಎಂದು ಬಂದ ಮೇಲಷ್ಟೇ ವೇವನ್ನು ತೆಗೆಯಬಹುದು. 32 ಬಿಟ್ ಫ್ಲೋಟ್ ಎಂಬ ರೂಪದಲ್ಲಿ ಮುದ್ರಿಸುವ ಹೊಸ ರೆಕಾರ್ಡರುಗಳ ಫೈಲುಗಳನ್ನು ಮಾತ್ರ ಫ್ಲ್ಯಾಕ್ ಇದ್ದಂತೆಯೇ ಇಟ್ಟುಕೊಳ್ಳಲಾರದು. ಅವನ್ನು ವೇವ್ ಆಗಿಯೇ ಉಳಿಸಬೇಕು.

ಲೆಕ್ಕಕ್ಕೆ ಸಿಗದ ಎರಡು ಜಾಗಗಳು

ಕೆಲವು ರೆಕಾರ್ಡರುಗಳು ಫೈಲು 2 ಜಿಬಿ ಮುಟ್ಟಿದ ಕೂಡಲೇ ಅದನ್ನು ಮುಚ್ಚಿ ಹೊಸದನ್ನು ತೆರೆಯುತ್ತವೆ, ಇನ್ನು ಕೆಲವು 4 ಜಿಬಿಗೆ. ಮಾಮೂಲಿ ವೇವ್ ಫೈಲು 4 ಜಿಬಿಯನ್ನು ದಾಟಲಾರದು, `FAT32` ಎಂಬ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿದ ಕಾರ್ಡಿನಲ್ಲಿ ಯಾವ ಫೈಲೂ ಅದನ್ನು ದಾಟಲಾರದು. ಈ ಮಿತಿಯ ಜಿಬಿಯನ್ನು ಸಾವಿರದ ಬದಲು 1024ರ ಲೆಕ್ಕದಲ್ಲಿ ಎಣಿಸುವುದರಿಂದ, ಸೆಕೆಂಡಿಗೆ 288000 ಬೈಟಿನಂತೆ 2 ಜಿಬಿಯ ಮಿತಿ ಬರುವುದು 2 ಗಂಟೆ 4 ನಿಮಿಷಕ್ಕೆ. ಎರಡು ಗಂಟೆಯ ಪಾಠ ಒಂದೇ ಫೈಲಿನಲ್ಲಿ ಕೂರುತ್ತದೆ, ಪ್ರಶ್ನೋತ್ತರ ಬೆಳೆದ ದಿನ ಕೊನೆಯ ಪ್ರಶ್ನೆಯ ನಡುವೆ ಎರಡಾಗುತ್ತದೆ. ಪಾಠ ಮುಗಿದಂತೆ ಕಾಣುವ ಮೊದಲ ಫೈಲನ್ನಷ್ಟೇ ನಕಲು ಮಾಡಿಕೊಂಡು, ನಾಲ್ಕು ನಿಮಿಷದ ಎರಡನೆಯದನ್ನು ಯಾವುದೋ ಪರೀಕ್ಷೆಯ ಮುದ್ರಣವೆಂದು ಅಳಿಸಿಬಿಡುವ ಅಪಾಯ ಇರುವುದು ಇಲ್ಲೇ. ಫೈಲಿನ ಗಾತ್ರ 2 ಜಿಬಿಗೆ ತೀರ ಹತ್ತಿರವಿದ್ದರೆ ಮುಂದಿನ ಭಾಗವೊಂದು ಇದೆಯೆಂದೇ ಹುಡುಕಬೇಕು. ಹೆಸರಿನಲ್ಲಿ `p1` ಎಂಬುದನ್ನು, ಭಾಗ ಒಂದೇ ಇರುವ ದಿನವೂ ಬಿಡದೆ ಬರೆಯಲು ಹೇಳಿದ್ದು ಇದಕ್ಕಾಗಿಯೇ.

ಎರಡನೆಯದು `kelasa` ಫೋಲ್ಡರಿನ ಜಾಗ. ಆಡಾಸಿಟಿಯಂತಹ ತಂತ್ರಾಂಶವು ಧ್ವನಿಯನ್ನು ಒಳಗೆ ತೆಗೆದುಕೊಳ್ಳುವಾಗ, ಅದರ ಮೂಲ ಸೆಟ್ಟಿಂಗನ್ನು ಬದಲಿಸದಿದ್ದರೆ, ಪ್ರತಿ ಮಾದರಿಗೂ 4 ಬೈಟು ಬಳಸುತ್ತದೆ. ಎರಡು ಗಂಟೆಯ ನಮ್ಮ ಪಾಠ ಹೊರಗೆ 2.1 ಜಿಬಿ ಇದ್ದದ್ದು ಒಳಗೆ 2.8 ಜಿಬಿ ಆಗುತ್ತದೆ. ಇಡೀ ಪಾಠದ ಮೇಲೆ ಗದ್ದಲ ತೆಗೆಯುವ ಕ್ರಿಯೆಯನ್ನು ಒಮ್ಮೆ, ಮಟ್ಟ ಏರಿಸುವ ಕ್ರಿಯೆಯನ್ನು ಒಮ್ಮೆ ನಡೆಸಿದರೆ, ಹಿಂದಕ್ಕೆ ಮರಳಲು ಅನುಕೂಲವಾಗಲೆಂದು ಹಳೆಯದನ್ನೂ ಇಟ್ಟುಕೊಳ್ಳುವುದರಿಂದ ಅದು 8 ಜಿಬಿ ದಾಟುತ್ತದೆ. ಪ್ರಾಜೆಕ್ಟನ್ನು ಉಳಿಸಿ ಮುಚ್ಚಿದಾಗ ಈ ಹಳೆಯ ಪದರಗಳು ಹೋಗುತ್ತವೆ, ಆದರೆ ತೆರೆದಿರುವವರೆಗೆ ಜಾಗ ಬೇಕೇ ಬೇಕು. ಆಡಾಸಿಟಿಯ 3ನೆಯ ಆವೃತ್ತಿಯಿಂದ ಪ್ರಾಜೆಕ್ಟ್ ಎಂಬುದು ಒಂದೇ `.aup3` ಫೈಲಾಗಿರುವುದರಿಂದ, `FAT32` ಪೆನ್‌ಡ್ರೈವಿನ ಮೇಲೆ ಕೆಲಸಕ್ಕೆ ಕೂತವರಿಗೆ ಡ್ರೈವಿನಲ್ಲಿ ಬೇಕಾದಷ್ಟು ಖಾಲಿ ಜಾಗವಿದ್ದರೂ 4 ಜಿಬಿಯ ಬಳಿ ಕೆಲಸ ನಿಂತುಬಿಡುತ್ತದೆ. ತಿದ್ದುವ ಕೆಲಸ ಕಂಪ್ಯೂಟರಿನ ಒಳ ಡಿಸ್ಕಿನಲ್ಲೇ ನಡೆಯಲಿ, ಅಲ್ಲಿ 30 ಜಿಬಿ ಸದಾ ಖಾಲಿಯಿರಲಿ.

ಯಾವ ಡಿಸ್ಕ್, ಎಷ್ಟು

ಮೂಲಕ್ಕೆ 207 ಜಿಬಿ, ಹಂಚಿಕೆಗೆ 6 ಜಿಬಿ. ಫ್ಲ್ಯಾಕ್ ಮಾಡಿದರೆ ಮೂಲ ಇನ್ನೂ ಇಳಿಯುತ್ತದೆ, ಆದರೆ ಕೊಳ್ಳುವಾಗ ವೇವ್ ಲೆಕ್ಕವನ್ನೇ ಹಿಡಿಯುವುದು ಕ್ಷೇಮ. ಒಂದು ವರ್ಷಕ್ಕಷ್ಟೇ ಆದರೆ 500 ಜಿಬಿಯ ಡಿಸ್ಕು ಸಾಕು, ಪಾಠಮಾಲೆ ಎರಡು ಮೂರು ವರ್ಷ ನಡೆಯುವ ಸೂಚನೆ ಇದ್ದರೆ 1 ಟಿಬಿ. ಡಿಸ್ಕಿನ ಪೆಟ್ಟಿಗೆಯ ಮೇಲೆ ಬರೆದ 1 ಟಿಬಿ ವಿಂಡೋಸಿನಲ್ಲಿ 931 ಜಿಬಿ ಎಂದು ಕಾಣುತ್ತದೆ. ಕಾರ್ಖಾನೆಯವರು ಸಾವಿರದ ಲೆಕ್ಕದಲ್ಲೂ ವಿಂಡೋಸ್ 1024ರ ಲೆಕ್ಕದಲ್ಲೂ ಎಣಿಸುವುದರಿಂದ ಹೀಗಾಗುತ್ತದೆಯೇ ಹೊರತು ಡಿಸ್ಕಿನಲ್ಲಿ ಕೊರತೆಯಿಲ್ಲ.

2 ಟಿಬಿಯ ಒಂದೇ ಡಿಸ್ಕೋ, 1 ಟಿಬಿಯ ಎರಡೋ ಎಂದು ಕೇಳಿದರೆ ಎರಡನ್ನೇ ಆರಿಸಬೇಕು. ಎರಡರಲ್ಲೂ `mula` ಮತ್ತು ಪಟ್ಟಿ ಒಂದೇ ರೀತಿ ಇರಬೇಕು, ಒಂದು ಮೈಸೂರಿನಲ್ಲಿದ್ದರೆ ಇನ್ನೊಂದು ಮಂಡ್ಯದಲ್ಲಿರುವ ಸದಸ್ಯರೊಬ್ಬರ ಮನೆಯಲ್ಲಿರಬೇಕು. ಮಳೆನೀರು ನುಗ್ಗಲಿ, ಕಳವಾಗಲಿ, ಎರಡೂ ಒಂದೇ ದಿನ ಹೋಗಬಾರದು. ಮಂಡ್ಯದ ಡಿಸ್ಕು ತಿಂಗಳಿಗೊಮ್ಮೆ ಮಾತ್ರ ಬರುತ್ತದೆ ಎನ್ನುವುದಾದರೆ, ಆ ತಿಂಗಳ ಎಂಟು ಪಾಠಗಳಿಗೆ ಎರಡನೆಯ ಪ್ರತಿಯಾಗಿ ನಿಲ್ಲುವುದು ರೆಕಾರ್ಡರಿನ ಕಾರ್ಡೇ. ಎಂಟು ಪಾಠಗಳು 17 ಜಿಬಿಗೂ ಕಡಿಮೆ. ಐದು ವಾರಾಂತ್ಯಗಳಿರುವ ತಿಂಗಳಲ್ಲೂ 21 ಜಿಬಿ ದಾಟುವುದಿಲ್ಲ. ಆದ್ದರಿಂದ 32 ಜಿಬಿಯ ಕಾರ್ಡು ಇಡೀ ತಿಂಗಳನ್ನು ಹಿಡಿದುಕೊಂಡಿರಬಲ್ಲದು, ವಾರ ವಾರ ಅದನ್ನು ಅಳಿಸುವ ಅಗತ್ಯವಿಲ್ಲ. ಮಂಡ್ಯದ ಡಿಸ್ಕಿಗೆ ನಕಲಾಗಿ, ಅಲ್ಲಿಯ ಫ್ಲ್ಯಾಕ್ ಫೈಲುಗಳ ಮೇಲೆ `flac -t` ನಡೆದು, ಪಟ್ಟಿಯಲ್ಲಿ ಆ ಪಾಠಗಳ ಮುಂದೆ ದಿನಾಂಕ ಬರೆದ ಮೇಲೆ ಕಾರ್ಡನ್ನು ರೆಕಾರ್ಡರಿನೊಳಗೇ ಫಾರ್ಮ್ಯಾಟ್ ಮಾಡಬಹುದು.